ನಾಟಕದ ಕೆನ್ನೆಯೇಟು: ಕೈ ತಾಗದೆ ಸದ್ದು ಬರುವುದು ಹೇಗೆ?

ಪ್ರಶ್ನೆ: ಕಾಲೇಜು ನಾಟಕದಲ್ಲಿ ಅಣ್ಣ ತಮ್ಮನ ಕೆನ್ನೆಗೆ ಬಾರಿಸುವ ದೃಶ್ಯವಿದೆ. ಯಾರಿಗೂ ಪೆಟ್ಟಾಗದಂತೆ, ಆದರೆ ನಿಜವೆನಿಸುವಂತೆ ಮಾಡುವುದು ಹೇಗೆ?

ಉತ್ತರ: ಕೈ ಕೆನ್ನೆಗೆ ತಾಗಲೇಬಾರದು. ತಮ್ಮನು ಪ್ರೇಕ್ಷಕರಿಗೆ ಬೆನ್ನು ಹಾಕಿ ನಿಲ್ಲಲಿ, ಅಣ್ಣ ಅವನೆದುರು. ಅಣ್ಣ ತೋಳನ್ನು ಪೂರ್ತಿ ಚಾಚಿದರೂ ಬೆರಳ ತುದಿಗೂ ತಮ್ಮನ ಮುಖಕ್ಕೂ ನಡುವೆ ಒಂದು ಗೇಣು ಉಳಿಯಬೇಕು. ತಮ್ಮನ ತಲೆ ಅಡ್ಡವಿರುವುದರಿಂದ ಆ ಗೇಣು ಸಭಿಕರಿಗೆ ಕಾಣುವುದಿಲ್ಲ. ಕೈ ಬೀಸಿದ್ದು, ಸದ್ದು, ತಲೆ ತಿರುಗಿದ್ದು ಒಟ್ಟಿಗೆ ಬಂದರೆ ಏಟು ಬಿತ್ತೆಂದು ಅವರ ಕಣ್ಣೇ ತೀರ್ಮಾನಿಸುತ್ತದೆ.

ಎಣಿಕೆ ಹೀಗೆ. ಒಂದು: ಇಬ್ಬರೂ ಕಣ್ಣಲ್ಲಿ ಕಣ್ಣಿಡುತ್ತಾರೆ. ಎರಡು: ಅಣ್ಣ ಕೈಯನ್ನು ಹಿಂದಕ್ಕೆ ಒಯ್ದು ಅರೆಕ್ಷಣ ನಿಲ್ಲುತ್ತಾನೆ, ತಮ್ಮನಿಗೆ ಅದೇ ಸೂಚನೆ. ಮೂರು: ಕೈ ಮುಖದ ಮುಂದೆ ಅಡ್ಡಲಾಗಿ ಹಾಯುತ್ತದೆ, ತಮ್ಮನು ತನ್ನ ಎದೆಯ ಬಳಿ ಮರೆಯಲ್ಲಿ ಚಪ್ಪಾಳೆ ತಟ್ಟಿ ಕೈ ಹೋದ ದಿಕ್ಕಿಗೇ ತಲೆ ತಿರುಗಿಸುತ್ತಾನೆ. ನಾಲ್ಕು: ಅವನ ಕೈ ಕೆನ್ನೆಗೇರುತ್ತದೆ. ತಮ್ಮನು ಕಣ್ಣು ಕೊಡದಿದ್ದರೆ ಅಣ್ಣ ಕೈಯೆತ್ತಕೂಡದು.

ಮೊದಲ ಕೆಲವು ದಿನ ನೀರಿನಲ್ಲಿ ನಡೆದಷ್ಟು ನಿಧಾನವಾಗಿ, ಎಣಿಕೆಯನ್ನು ಗಟ್ಟಿಯಾಗಿ ಹೇಳುತ್ತಾ ಮಾಡಿ. ವೇಗ ಹೆಚ್ಚಿಸಿದಾಗ ಚಪ್ಪಾಳೆ ತಡವಾದರೆ ಹಿಂದಿನ ವೇಗಕ್ಕೇ ಮರಳಿ. ಯಾರು 'ನಿಲ್ಲಿ' ಎಂದರೂ ಎಲ್ಲರೂ ನಿಲ್ಲಬೇಕು. ಪ್ರದರ್ಶನದ ಸಂಜೆ ಪರದೆ ಏಳುವ ಮೊದಲು, ಅದೇ ವೇಷ, ಅದೇ ಪಾದರಕ್ಷೆಯಲ್ಲಿ ಮತ್ತೊಮ್ಮೆ ನಡೆಸಿ. ನಿಜವಾದ ಅಪಾಯ ಆ ಸಂಜೆಯದೇ: ಆವೇಶದಲ್ಲಿ ಅಣ್ಣ ಅರ್ಧ ಹೆಜ್ಜೆ ಮುಂದೆ ಬಂದರೂ ಗೇಣು ಮಾಯ. ಅವನ ಪಾದದ ಜಾಗಕ್ಕೆ ನೆಲದ ಮೇಲೆ ಟೇಪು ಅಂಟಿಸಿ.