ಯಾವ ಲೇಖನದಿಂದ ಯಾವುದಕ್ಕೆ ಲಿಂಕ್?

ತೀರ್ಥಹಳ್ಳಿಯಿಂದ ಅಡಿಕೆ ಕೃಷಿಯ ಸೈಟ್ ನಡೆಸ್ತೀನಿ, 40 ಲೇಖನ ಇವೆ. ಒಂದಕ್ಕೊಂದು ಲಿಂಕ್ ಹೇಗೆ ಕೊಡಲಿ?

ಗೂಗಲ್ ಸರ್ಚ್ ಕನ್ಸೋಲ್‌ನ Internal links ಪಟ್ಟಿ ನೋಡಿ. ಅದರ ತಳದಲ್ಲಿರುವ, ಇಲ್ಲವೇ ಅದರಲ್ಲಿ ಕಾಣದ ಲೇಖನಗಳಿಗೆ ಬರುವ ಲಿಂಕ್ ಕಡಿಮೆ; ಮೊದಲು ಅವಕ್ಕೆ ಲಿಂಕ್ ಕೊಡಿ. ಬೋರ್ಡೋ ದ್ರಾವಣದ ಲೇಖನ ಅಂಥದ್ದು ಅಂದುಕೊಳ್ಳಿ. example.com ಬದಲು ನಿಮ್ಮ ಸೈಟ್‌ನ ವಿಳಾಸ ಹಾಕಿ ಗೂಗಲ್‌ನಲ್ಲಿ ಹುಡುಕಿ:

```
site:example.com ಬೋರ್ಡೋ
```

ಆ ಪದ ಬಂದಿರುವ ಲೇಖನಗಳು ಸಿಗುತ್ತವೆ. ಕೊಳೆರೋಗದ ಲೇಖನ ತೆರೆಯಿರಿ. ಮಳೆಗೆ ಮುಂಚೆ ಔಷಧಿ ಹೊಡೆಯಬೇಕು ಅಂತ ಬರೆದ ಜಾಗದಲ್ಲೇ ಲಿಂಕ್ ಕೊಡಿ. ಓದುವವರಿಗೆ ಮೈಲುತುತ್ತ, ಸುಣ್ಣದ ಲೆಕ್ಕ ಬೇಕಾಗುವುದು ಅಲ್ಲೇ ಅಲ್ವಾ? ‘ಇಲ್ಲಿ ಒತ್ತಿ’ ಬೇಡ, ‘ಶೇ. 1ರ ಬೋರ್ಡೋ ದ್ರಾವಣ ತಯಾರಿಸುವುದು’ ಎಂದಿರಲಿ. ಮುಂದಿನ ಪುಟ ಯಾವುದರ ಬಗ್ಗೆ ಅಂತ ಗೂಗಲ್ ಆ ಪದಗಳಿಂದಲೂ ತಿಳಿಯುತ್ತದೆ. ಅಲ್ಲಿಂದ ವಾಪಸ್ ಕೊಳೆರೋಗಕ್ಕೂ ಒಂದು ಲಿಂಕ್ ಇರಲಿ. ಸುಮ್ನೆ ಕೊನೆಯಲ್ಲಿ ಹತ್ತು ಲಿಂಕ್ ಗುಡ್ಡೆ ಹಾಕಬೇಡಿ.