ಪೇಜ್ ಫಾಲ್ಟ್ ಆದಾಗ ನಿಂತುಹೋದ ಸೂಚನೆಯ ಗತಿ

ಪ್ರಶ್ನೆ: ಧಾರವಾಡದಲ್ಲಿ ಎಂಸಿಎ ಓದುತ್ತಿದ್ದೇನೆ ಸರ್. ಪೇಜ್ ಫಾಲ್ಟ್‌ನಿಂದ ಅರ್ಧಕ್ಕೆ ನಿಂತ ಸೂಚನೆ ಎಲ್ಲಿಂದ ಮುಂದುವರಿಯುತ್ತದೆ?

ಉತ್ತರ: ಮುಂದುವರಿಯುವುದಿಲ್ಲ, ಮೊದಲಿನಿಂದ ನಡೆಯುತ್ತದೆ. ಹುಬ್ಬಳ್ಳಿ ನಿಲ್ದಾಣದ ಟಿಕೆಟ್ ಕಿಟಕಿಯಲ್ಲಿ ಚಿಲ್ಲರೆ ಇಲ್ಲವೆಂದು ನಿಮ್ಮ ನೋಟು ಮರಳಿಸಿದರೆ, ಚಿಲ್ಲರೆ ತಂದು ಮತ್ತೆ ಕೇಳುವಿರಷ್ಟೆ.

64 ಬಿಟ್ ಇಂಟೆಲ್ ಪ್ರೊಸೆಸರಿನಲ್ಲಿ, `0x401000` ವಿಳಾಸದಲ್ಲಿ ಈ ಸೂಚನೆ ಇದೆ ಎನ್ನೋಣ:

```
add [rbx], eax
```

`rbx` ತೋರಿಸುವ ಪುಟ ಮೆಮೊರಿಯಲ್ಲಿಲ್ಲ. ಪ್ರೊಸೆಸರ್ `rbx`ನಲ್ಲಿರುವ ಆ ಪೂರ್ತಿ ವಿಳಾಸವನ್ನು `CR2`ರಲ್ಲಿ ಬರೆದು, ಕರ್ನಲ್ ಸ್ಟ್ಯಾಕಿಗೆ ದೋಷಸಂಕೇತದ ಜೊತೆ `0x401000` ಅನ್ನೇ ಹಾಕುತ್ತದೆ. ಮುಂದಿನ ಸೂಚನೆಯ ವಿಳಾಸವನ್ನಲ್ಲ. ಗುಟ್ಟು ಇಲ್ಲಿಯೇ ಇದೆ. ನಂತರ 14ನೇ ಎಕ್ಸೆಪ್ಶನ್ನಿನ ಹ್ಯಾಂಡ್ಲರ್ ಓಡುತ್ತದೆ.

ಕರ್ನಲ್ ಮೊದಲು ಆ ವಿಳಾಸ ಪ್ರೋಗ್ರಾಮಿನದೇ ಎಂದು ನೋಡುತ್ತದೆ. ಅಲ್ಲದಿದ್ದರೆ ಲಿನಕ್ಸಿನಲ್ಲಿ `SIGSEGV`. ಆಗಿದ್ದರೆ ಖಾಲಿ ಫ್ರೇಮ್ ಹುಡುಕಿ, ಡಿಸ್ಕಿನಿಂದ ಪುಟ ಬರುವವರೆಗೆ ಬೇರೆ ಪ್ರೋಗ್ರಾಮಿಗೆ ಸರದಿ ಕೊಡುತ್ತದೆ. ಪುಟ ಬಂದ ಮೇಲೆ ಪೇಜ್ ಟೇಬಲ್ ತಿದ್ದಿ `iretq` ಮಾಡಿದರೆ ಅದೇ `add` ಮತ್ತೆ ನಡೆಯುತ್ತದೆ.

ಎರಡು ಸಲ ಕೂಡಿದಂತಾಗುವುದಿಲ್ಲವೇ? ಇಲ್ಲ. ಮೊದಲ ಸಲ ಫಲಿತಾಂಶ ಎಲ್ಲಿಯೂ ದಾಖಲಾಗಿರುವುದಿಲ್ಲ. ದೊಡ್ಡ ನಕಲು ಮಾಡುವ `rep movsb` ಮಾತ್ರ ಸ್ವಲ್ಪ ಜಾಣ: ಎಷ್ಟು ಬೈಟ್ ಉಳಿದಿವೆ ಎಂಬುದು `rcx`ನಲ್ಲಿ ಇರುವುದರಿಂದ, ಮತ್ತೆ ಶುರುವಾದಾಗ ಉಳಿದದ್ದನ್ನಷ್ಟೇ ನಕಲಿಸುತ್ತದೆ.