ಹೊಳಪು ಬೇಕು, ಪ್ಲಾಸ್ಟಿಕ್ ಬೇಡ

ಪ್ರಶ್ನೆ: ತಾತನ ಫೋಟೊ ನೋಡಿ ಬ್ಲೆಂಡರ್‌ನಲ್ಲಿ ಅನಿಮೇಷನ್ ಚಿತ್ರದಂತಹ ಗೊಂಬೆ ಮಾಡಿದೆ. ಮುಖ ಪ್ಲಾಸ್ಟಿಕ್‌ನಂತಿದೆ. ಬೆಳಕು, ಮೇಲ್ಮೈ ಹೇಗಿರಬೇಕು?

ಫೋಟೊವನ್ನೇ ಮುಖಕ್ಕೆ ಅಂಟಿಸಿದ್ದರೆ ಮೊದಲು ಅದನ್ನು ತೆಗೆಯಿರಿ. ಅದರೊಳಗಿನ ನೆರಳು ನಿಮ್ಮ ದೀಪಗಳ ಜೊತೆ ಜಗಳವಾಡುತ್ತದೆ. ಫೋಟೊದಿಂದ ಆಕಾರ ಮತ್ತು ಬಣ್ಣ ಮಾತ್ರ ಸಾಕು.

ಮೂಡಿಗೆರೆಯ ತೋಟದ ಮನೆಯ ಜಗಲಿಯಲ್ಲಿ ತೆಗೆದ ನನ್ನ ಅಜ್ಜಿಯ ಚಿತ್ರದಲ್ಲಿ ನಾನೂ ಇದೇ ತಪ್ಪು ಮಾಡಿದ್ದೆ. ಜೊತೆಗೆ ಹೊಳಪಿನ ಆಸೆಗೆ Roughness ಅನ್ನು 0.1ಕ್ಕೆ ಇಳಿಸಿದ್ದೆ. ಅಜ್ಜಿ ಎಣ್ಣೆ ಹಚ್ಚಿದ ಬಿಂದಿಗೆಯಂತೆ ಕಂಡರು! ಚರ್ಮಕ್ಕೆ 0.4ರ ಆಸುಪಾಸು ಇಟ್ಟು, ಮೂಗಿನ ತುದಿ ಮತ್ತು ತುಟಿಗೆ ಮಾತ್ರ 0.25 ಕೊಟ್ಟೆ. ನಿಜವಾದ ಮಿನುಗು ಕಣ್ಣಿನಲ್ಲಿರಬೇಕು: ಕಣ್ಣುಗುಡ್ಡೆಯ ಮೇಲೆ ಪಾರದರ್ಶಕ ಪದರವೊಂದನ್ನು ಮಾಡಿ, ಅದರ Roughness ಸೊನ್ನೆಗೆ ಇಡಿ.

ಚರ್ಮದೊಳಗೆ ಬೆಳಕು ಸ್ವಲ್ಪ ಇಳಿದು ಹರಡದಿದ್ದರೆ ಪ್ಲಾಸ್ಟಿಕ್ ಭಾವ ಹೋಗುವುದಿಲ್ಲ. Principled BSDFನಲ್ಲಿ Subsurface ಅಡಿಯ Weight 1 ಮಾಡಿ. ತಲೆ ನಿಜ ಗಾತ್ರದಲ್ಲಿದ್ದರೆ Scale ಸುಮಾರು 0.01 ಸಾಕು; ಮಾದರಿಯೇ ಹತ್ತು ಪಟ್ಟು ದೊಡ್ಡದಿದ್ದರೆ ಇದೂ ಹತ್ತು ಪಟ್ಟಾಗಬೇಕು. ಮೂಗಿನ ಅಂಚು ಕರಗಿ ಮುಖ ಮೇಣದಂತಾದರೆ ಹೆಚ್ಚಾಗಿದೆ ಎಂದರ್ಥ.

ಬೆಳಕಿಗೆ ಒಂದು ಮೀಟರ್ ಅಗಲದ Area ದೀಪವನ್ನು ಓರೆಯಾಗಿ, ಮುಖಕ್ಕಿಂತ ಮೇಲೆ ಇಡಿ. ಚಿಕ್ಕ ದೀಪ ಚುಚ್ಚುವ ಬಿಳಿ ಚುಕ್ಕೆ ಬೀಳಿಸುತ್ತದೆ. ದೊಡ್ಡದು ಕೆನ್ನೆಯ ಮೇಲೆ ಹೊಳಪನ್ನು ಮೃದುವಾಗಿ ಹರಡುತ್ತದೆ. ಹಿಂದಿನಿಂದ ಇನ್ನೊಂದು ದೀಪ ಬಂದರೆ ಕಿವಿಯ ಅಂಚು ಕೆಂಪಾಗಿ ಬೆಳಗುತ್ತದೆ. ನಮ್ಮ ಜಗಲಿಯ ಸಂಜೆ ಬಿಸಿಲಿನಲ್ಲೂ ಹಾಗೆಯೇ ಕಾಣುತ್ತದೆ.